ತಪ್ಪು ನನ್ನದು, ಲಾರಿ ಏಳಕ್ಕೆ: ಮ್ಯಾನೇಜರಿಗೆ ಬರೆಯುವ ಚಿಕ್ಕ ಸಂದೇಶದ ಬಗ್ಗೆ

ಹಿಂದೆ ಬಿಲ್ ತಪ್ಪಾದರೆ ಬಿಲ್ ಪುಸ್ತಕದ ಆ ಹಾಳೆಗೆ ಅಡ್ಡಗೆರೆ ಎಳೆದು, ‘ರದ್ದು’ ಎಂದು ಬರೆದು, ಮುಂದಿನ ಹಾಳೆಯಲ್ಲಿ ಹೊಸದನ್ನು ಬರೆದರೆ ಕೆಲಸ ಮುಗಿಯುತ್ತಿತ್ತು. ಮ್ಯಾನೇಜರಿಗೆ ವಿಷಯ ಗೊತ್ತಾಗುವುದು ತಿಂಗಳ ಕೊನೆಗೆ, ಕೆಲವೊಮ್ಮೆ ಗೊತ್ತಾಗುತ್ತಲೇ ಇರಲಿಲ್ಲ. ಈಗ ಹಾಗಿಲ್ಲ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗಿಂತ ಹೆಚ್ಚು ವಾರ್ಷಿಕ ವಹಿವಾಟಿನ ಸಂಸ್ಥೆಗಳಿಂದ ಆರಂಭವಾದ ಇ-ಇನ್‌ವಾಯ್ಸ್ ಪದ್ಧತಿ ಹಂತಹಂತವಾಗಿ ಕೆಳಗಿಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೂ ಬಂದಿದೆ. ಒಬ್ಬರೇ ಬಿಲ್ಲಿಂಗ್ ನೋಡಿಕೊಳ್ಳುವ ಸಣ್ಣ ಕಾರ್ಖಾನೆಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಅಲ್ಲಿ ಕೀಲಿ ಒತ್ತಿದ ಕೆಲವೇ ಕ್ಷಣಗಳಲ್ಲಿ ಬಿಲ್ಲಿನ ವಿವರ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗುತ್ತದೆ, ಅದನ್ನು ಅಲ್ಲಿ ರದ್ದುಮಾಡಲು ಸಿಗುವುದು ಕೇವಲ 24 ಗಂಟೆ.

ಆದ್ದರಿಂದ ತಪ್ಪನ್ನು ಯಾವಾಗ ಹೇಳಬೇಕು, ಹೇಗೆ ಹೇಳಬೇಕು ಎಂಬುದು ಇಲ್ಲಿ ನಡವಳಿಕೆಯ ಪ್ರಶ್ನೆ ಮಾತ್ರವಲ್ಲ, ಗಡಿಯಾರದ ಪ್ರಶ್ನೆಯೂ ಹೌದು. ಇಂಥ ಒಂದು ಪ್ರಸಂಗವನ್ನು ಹಿಡಿದು, ಸಂದೇಶದಲ್ಲಿ ಏನಿರಬೇಕು, ಯಾಕಿರಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

## ಸಮಜಾಯಿಷಿ ಬೇರೆ, ಈ ಸಂದೇಶ ಬೇರೆ

ನಮ್ಮ ಕಚೇರಿಗಳಲ್ಲಿ ‘ಸಮಜಾಯಿಷಿ’ ಎಂಬ ಮಾತು ಎಲ್ಲರಿಗೂ ಪರಿಚಿತ. ಕಾರಣ ಕೇಳಿ ನೋಟಿಸ್ ಬಂದಾಗ ನೌಕರರು ಬರೆದುಕೊಡುವ ವಿವರಣೆ ಅದು. ಏನಾಯಿತು, ಯಾಕಾಯಿತು, ತಮ್ಮ ಪಾಲೆಷ್ಟು, ಯಾವ ಪರಿಸ್ಥಿತಿಯಲ್ಲಿ ಹಾಗಾಯಿತು ಎಂದು ಮುಗಿದುಹೋದ ಸಂಗತಿಯನ್ನು ಅದು ವಿವರಿಸುತ್ತದೆ. ಅದನ್ನು ಓದುವವರು ನಿಧಾನವಾಗಿ ಓದುತ್ತಾರೆ, ಕಡತದಲ್ಲಿಡುತ್ತಾರೆ, ಆಮೇಲೆ ಒಂದು ತೀರ್ಮಾನಕ್ಕೆ ಬರುತ್ತಾರೆ.

ತಪ್ಪು ಕಂಡ ತಕ್ಷಣ ಮ್ಯಾನೇಜರಿಗೆ ಕಳಿಸುವ ಸಂದೇಶದ ಕೆಲಸ ಬೇರೆ. ಇನ್ನೂ ಕೈಮೀರದ ಮುಂದಿನ ಕೆಲವು ಗಂಟೆಗಳಲ್ಲಿ ಏನು ಮಾಡಬೇಕೆಂಬ ನಿರ್ಧಾರವನ್ನು ಅದು ನಿರ್ಧಾರದ ಅಧಿಕಾರವಿರುವವರ ಕೈಗೆ ಮುಟ್ಟಿಸಬೇಕು. ಬಹುಪಾಲು ಜನ ಎಡವುವುದು ಇಲ್ಲಿಯೇ: ಕಳಿಸಬೇಕಾದದ್ದು ಸಂದೇಶ, ಆದರೆ ಬರೆಯಲು ಕೂತಾಗ ಕೈಯಿಂದ ಬರುವುದು ಸಮಜಾಯಿಷಿ. ಹೀಗಾಗಿ ಮೊದಲ ನಾಲ್ಕು ಸಾಲಿನಲ್ಲಿ ಕಾರಣಗಳು ತುಂಬಿಕೊಳ್ಳುತ್ತವೆ, ಲಾರಿ ಎಷ್ಟು ಗಂಟೆಗೆ ಹೊರಡುತ್ತದೆ ಎಂಬ ಮಾತು ಹತ್ತನೇ ಸಾಲಿಗೆ ಹೋಗುತ್ತದೆ.

## ಪ್ರಸಂಗ

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಘಟಕವಿದೆ ಎಂದಿಟ್ಟುಕೊಳ್ಳೋಣ. ಅದರ ಗ್ರಾಹಕ ಸಂಸ್ಥೆಗೆ ಎರಡು ಕಡೆ ಕಾರ್ಖಾನೆ ಇದೆ, ಒಂದು ಬೊಮ್ಮಸಂದ್ರದಲ್ಲಿ, ಇನ್ನೊಂದು ಗಡಿಯಾಚೆ ಹೊಸೂರಿನಲ್ಲಿ. ಸಂಸ್ಥೆ ಒಂದೇ ಆದರೂ ರಾಜ್ಯ ಎರಡಾದ್ದರಿಂದ ಜಿಎಸ್‌ಟಿ ನೋಂದಣಿ ಸಂಖ್ಯೆಯೂ ಎರಡು. ಆ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯವನ್ನು ಸೂಚಿಸುತ್ತವೆ: ಕರ್ನಾಟಕಕ್ಕೆ 29, ತಮಿಳುನಾಡಿಗೆ 33.

ಹೊಸೂರಿನ ಘಟಕ 4,20,000 ರೂಪಾಯಿಯ ಸರಕಿಗೆ ಆರ್ಡರ್ ಕೊಟ್ಟಿದೆ. ಬಿಲ್ಲಿಂಗ್ ನೋಡಿಕೊಳ್ಳುವ ಸಹಾಯಕಿ ಬೆಳಿಗ್ಗೆ 11.20ಕ್ಕೆ ಇನ್‌ವಾಯ್ಸ್ ಮಾಡುವಾಗ ಗ್ರಾಹಕರ ಪಟ್ಟಿಯಲ್ಲಿ ಒಂದರ ಕೆಳಗೊಂದಿದ್ದ ಎರಡು ಒಂದೇ ಥರದ ಹೆಸರುಗಳಲ್ಲಿ ಮೇಲಿನದನ್ನು, ಅಂದರೆ 29ರದನ್ನು, ಆರಿಸಿಬಿಟ್ಟರು. ಶೇ 18ರ ತೆರಿಗೆ 75,600 ರೂಪಾಯಿ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಾದ್ದರಿಂದ ಅದು ಪೂರ್ತಿಯಾಗಿ ಐಜಿಎಸ್‌ಟಿ ಆಗಬೇಕಿತ್ತು. ಬಿಲ್ಲಿನಲ್ಲಿ ಅದು ರಾಜ್ಯದೊಳಗಿನ ಮಾರಾಟದಂತೆ 37,800 ಸಿಜಿಎಸ್‌ಟಿ, 37,800 ಎಸ್‌ಜಿಎಸ್‌ಟಿ ಎಂದು ಒಡೆದು ಬಿತ್ತು. ಒಟ್ಟು ಮೊತ್ತ ಮಾತ್ರ ಎರಡೂ ರೀತಿಯಲ್ಲಿ 4,95,600 ರೂಪಾಯಿಯೇ. ಮೊತ್ತ ಸರಿ ಕಂಡದ್ದರಿಂದಲೇ ತಪ್ಪು ಕಣ್ಣಿಗೆ ಬೀಳಲಿಲ್ಲ.

ಸಂಜೆ 4.40ಕ್ಕೆ ಡಿಸ್ಪ್ಯಾಚ್ ಕಾಗದಗಳನ್ನು ಜೋಡಿಸುವಾಗ ಆರ್ಡರ್ ಪ್ರತಿಯಲ್ಲಿ 33 ಕಂಡಿತು, ಬಿಲ್ಲಿನಲ್ಲಿ 29 ಇತ್ತು. ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಕೂಡ ಬೊಮ್ಮಸಂದ್ರದ ವಿಳಾಸಕ್ಕೇ ಆಗಿತ್ತು. ಬಿಲ್ಲಿನ ಪಿಡಿಎಫ್ ಬೆಳಿಗ್ಗೆಯೇ ಗ್ರಾಹಕರಿಗೆ ಮೇಲ್ ಆಗಿತ್ತು. ಲಾರಿ ಹೊರಡುವುದು 7 ಗಂಟೆಗೆ. ಮ್ಯಾನೇಜರ್ ಬೇರೊಂದು ಕಡೆ ಮೀಟಿಂಗಿನಲ್ಲಿದ್ದಾರೆ.

## ಬರೆಯುವ ಮೊದಲು ತಿಳಿದಿರಬೇಕಾದ ನಾಲ್ಕು ಸಂಗತಿ

ಪರಿಹಾರವನ್ನು ಸೂಚಿಸಬೇಕೆಂದರೆ ಪರಿಹಾರ ಏನೆಂದು ಗೊತ್ತಿರಬೇಕು, ಅದು ಊಹೆಯಾಗಬಾರದು. ಈ ಪ್ರಸಂಗದಲ್ಲಿ ಸಹಾಯಕಿ ಹತ್ತು ನಿಮಿಷದಲ್ಲಿ ಖಚಿತಪಡಿಸಿಕೊಳ್ಳಬಹುದಾದ ಸಂಗತಿಗಳು ಇಷ್ಟು.

ಪೋರ್ಟಲ್‌ನಲ್ಲಿ ದಾಖಲಾದ ಬಿಲ್ಲಿಗೆ 64 ಅಕ್ಷರಗಳ ಒಂದು ಗುರುತು ಸಿಗುತ್ತದೆ. ಲೆಕ್ಕಪತ್ರದವರು ಅದನ್ನು ಐಆರ್‌ಎನ್ ಎನ್ನುತ್ತಾರೆ. ಒಮ್ಮೆ ಬಂದ ಐಆರ್‌ಎನ್‌ನಲ್ಲಿ ಪೋರ್ಟಲ್‌ನಲ್ಲೇ ತಿದ್ದುಪಡಿ ಮಾಡಲಾಗದು. ರದ್ದುಮಾಡುವುದಾದರೆ ಪೂರ್ತಿ ಬಿಲ್ಲನ್ನೇ ರದ್ದುಮಾಡಬೇಕು, ಅದೂ 24 ಗಂಟೆಯೊಳಗೆ. ಇಲ್ಲಿ ಗಡುವು ಮರುದಿನ ಬೆಳಿಗ್ಗೆ 11.20. ಎರಡನೆಯದಾಗಿ, ಆ ಬಿಲ್ಲಿಗೆ ಚಾಲ್ತಿಯಲ್ಲಿರುವ ಇ-ವೇ ಬಿಲ್ ಇದ್ದರೆ ಐಆರ್‌ಎನ್ ರದ್ದಾಗುವುದಿಲ್ಲ. ಇ-ವೇ ಬಿಲ್ಲನ್ನು ಮೊದಲು ರದ್ದುಮಾಡಬೇಕು, ಅದಕ್ಕೂ 24 ಗಂಟೆಯ ಮಿತಿ ಇದೆ, ದಾರಿಯಲ್ಲಿ ಅಧಿಕಾರಿಗಳು ಪರಿಶೀಲಿಸಿದ ಮೇಲೆ ಅದೂ ಸಾಧ್ಯವಿಲ್ಲ. ಮೂರನೆಯದು, ರದ್ದಾದ ಬಿಲ್ಲಿನ ಸಂಖ್ಯೆಯನ್ನು ಮತ್ತೆ ಬಳಸಲಾಗದು. ಮಾರುವವರ ನೋಂದಣಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆ ಇವುಗಳಿಂದಲೇ ಐಆರ್‌ಎನ್ ಹುಟ್ಟುವುದರಿಂದ, ಅದೇ ಸಂಖ್ಯೆ ಕೊಟ್ಟರೆ ಪೋರ್ಟಲ್ ಒಪ್ಪುವುದಿಲ್ಲ.

ನಾಲ್ಕನೆಯದು ಪರಿಣಾಮ. ಈ ಬಿಲ್ ಹೀಗೇ ಉಳಿದರೆ ಹೊಸೂರಿನ ಘಟಕಕ್ಕೆ 75,600 ರೂಪಾಯಿಯ ತೆರಿಗೆ ಜಮೆ ಸಿಗುವುದಿಲ್ಲ, ಅದು ಬೊಮ್ಮಸಂದ್ರದ ಖಾತೆಯಲ್ಲಿ ಕಾಣಿಸುತ್ತದೆ. ಅಷ್ಟಲ್ಲದೆ, ಬೊಮ್ಮಸಂದ್ರದ ವಿಳಾಸ ಹೊತ್ತ ಇ-ವೇ ಬಿಲ್ಲಿನೊಂದಿಗೆ ಲಾರಿ ಅತ್ತಿಬೆಲೆ ದಾಟಿ ಹೊಸೂರಿನತ್ತ ಹೋದರೆ, ಕಾಗದಕ್ಕೂ ದಾರಿಗೂ ತಾಳೆಯಾಗದ ಕಾರಣ ಜಿಎಸ್‌ಟಿ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ವಾಹನವನ್ನು ತಡೆಯುವ ಸಾಧ್ಯತೆ ಇದೆ.

ಈಗ ಗಡಿಯಾರ ಎರಡಾಯಿತು: ಲಾರಿಯದು ಸಂಜೆ 7, ಪೋರ್ಟಲ್‌ನದು ನಾಳೆ 11.20. ಸಂದೇಶದ ಆಕಾರವನ್ನು ನಿರ್ಧರಿಸುವುದು ಇವೆರಡೇ.

## ಕೇಳದೆ ಮಾಡಬಹುದಾದದ್ದು, ಕೇಳಿಯೇ ಮಾಡಬೇಕಾದದ್ದು

ಲಾಗಿನ್ ಸಹಾಯಕಿಯ ಕೈಯಲ್ಲೇ ಇದೆ. ಯಾರಿಗೂ ಹೇಳದೆ ಎರಡನ್ನೂ ರದ್ದುಮಾಡಿ, ಹೊಸದನ್ನು ಮಾಡಿ, ಸದ್ದಿಲ್ಲದೆ ಲಾರಿ ಕಳಿಸಿಬಿಡಬಹುದಲ್ಲ ಎಂಬ ಯೋಚನೆ ಸಹಜವಾಗಿ ಬರುತ್ತದೆ. ಆದರೆ ಹಳೆಯ ಬಿಲ್ಲಿನ ಪಿಡಿಎಫ್ ಗ್ರಾಹಕರ ಬಳಿ ಇದೆ. ಅವರ ಅಕೌಂಟ್ಸ್‌ನವರು ಅದನ್ನು ಆಗಲೇ ತಮ್ಮ ಲೆಕ್ಕಕ್ಕೆ ಏರಿಸಿರಬಹುದು. ನಾಳೆ ಅವರು ಮ್ಯಾನೇಜರಿಗೆ ಫೋನ್ ಮಾಡಿ ‘ಒಂದೇ ಆರ್ಡರಿಗೆ ಎರಡು ಬಿಲ್ ಯಾಕೆ’ ಎಂದು ಕೇಳಿದಾಗ ಮ್ಯಾನೇಜರಿಗೆ ಉತ್ತರ ಗೊತ್ತಿರುವುದಿಲ್ಲ. ಆಗ ತಪ್ಪು ಬಿಲ್ಲಿನದಾಗಿ ಉಳಿಯುವುದಿಲ್ಲ, ಮುಚ್ಚಿಟ್ಟದ್ದಾಗುತ್ತದೆ.

ಗೆರೆ ಎಳೆಯಲು ಒಂದು ಸರಳ ಅಳತೆ ಇದೆ: ಹಿಂತೆಗೆದುಕೊಳ್ಳಬಹುದಾದದ್ದನ್ನು ಕೇಳದೆ ಮಾಡಬಹುದು, ಹಿಂತೆಗೆದುಕೊಳ್ಳಲಾಗದ್ದನ್ನು ಕೇಳಿ ಮಾಡಬೇಕು. ಹಾಲು ಉಕ್ಕುತ್ತಿರುವಾಗ ಒಲೆ ಆರಿಸಲು ಮನೆಯ ಹಿರಿಯರನ್ನು ಯಾರೂ ಕೇಳುವುದಿಲ್ಲ, ಉಕ್ಕಿದ ಹಾಲಿನಲ್ಲಿ ಪಾಯಸ ಮಾಡಬೇಕೋ ಬೇಡವೋ ಎಂದು ಕೇಳುತ್ತಾರೆ. ಡಿಸ್ಪ್ಯಾಚ್‌ನವರಿಗೆ ‘ನಾನು ಹೇಳುವವರೆಗೆ ಲಾರಿ ಬಿಡಬೇಡಿ’ ಎಂದು ಹೇಳುವುದು ಒಲೆ ಆರಿಸುವ ಕೆಲಸ, ಒಂದು ಫೋನಿನಲ್ಲಿ ಅದನ್ನು ವಾಪಸ್ ಪಡೆಯಬಹುದು. ಐಆರ್‌ಎನ್ ರದ್ದತಿ ಹಾಗಲ್ಲ, ಒಮ್ಮೆ ಹೋದರೆ ಆ ಸಂಖ್ಯೆ ಹೋದಂತೆಯೇ. ಆದ್ದರಿಂದ ಮೊದಲನೆಯದನ್ನು ಮಾಡಿ, ಎರಡನೆಯದಕ್ಕೆ ಒಪ್ಪಿಗೆ ಕೇಳಬೇಕು.

## ಸಂದೇಶ

4.55ಕ್ಕೆ ವಾಟ್ಸಾಪಿನಲ್ಲಿ ಕಳಿಸಿದ ಸಂದೇಶ ಹೀಗಿರಬಹುದು:

> ಸರ್, ಹೊಸೂರಿನವರ ಇಂದಿನ ಇನ್‌ವಾಯ್ಸನ್ನು (ನಂ. 412) ನಾನು ತಪ್ಪಾಗಿ ಅವರ ಬೊಮ್ಮಸಂದ್ರದ ಜಿಎಸ್‌ಟಿ ನಂಬರಿಗೆ ಮಾಡಿದ್ದೇನೆ. ಲಾರಿ 7ಕ್ಕೆ ಹೊರಡಬೇಕು, ಸದ್ಯ ನಿಲ್ಲಿಸಿಕೊಳ್ಳಲು ಡಿಸ್ಪ್ಯಾಚ್‌ಗೆ ಹೇಳಿದ್ದೇನೆ.
>
> ಒಟ್ಟು ಮೊತ್ತ 4,95,600 ಸರಿಯಿದೆ. ಐಜಿಎಸ್‌ಟಿ ಬದಲು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬಿದ್ದಿದೆ, ಇ-ವೇ ಬಿಲ್ಲಿನಲ್ಲೂ ಬೊಮ್ಮಸಂದ್ರ ಎಂದೇ ಇದೆ. ಪಿಡಿಎಫ್ ಬೆಳಿಗ್ಗೆ ಅವರಿಗೆ ಹೋಗಿದೆ.
>
> ನೀವು ಒಪ್ಪಿದರೆ ಎರಡನ್ನೂ ಈಗಲೇ ರದ್ದುಮಾಡಿ ಹೊಸ ನಂಬರಿನಲ್ಲಿ ಹೊಸೂರಿಗೆ ಮಾಡುತ್ತೇನೆ. ಅರ್ಧ ಗಂಟೆಯ ಕೆಲಸ. 6ರೊಳಗೆ ತಿಳಿಸಿದರೆ 7ಕ್ಕೇ ಲಾರಿ ಬಿಡಬಹುದು. ರದ್ದುಮಾಡಲು ಪೋರ್ಟಲ್‌ನಲ್ಲಿ ನಾಳೆ 11.20ರವರೆಗೆ ಮಾತ್ರ ಅವಕಾಶ.
>
> ಅವರ ಅಕೌಂಟ್ಸ್‌ಗೆ ನಾನೇ ಹೇಳಲೇ, ನೀವು ಮಾತಾಡುತ್ತೀರಾ?

ಮೀಟಿಂಗಿನಲ್ಲಿ ಕೂತವರು ಫೋನನ್ನು ಕೈಗೆತ್ತಿಕೊಳ್ಳದೆಯೇ ಪರದೆಯ ಮೇಲೆ ನೋಡುವುದು ಸಂದೇಶದ ಮೊದಲ ಸಾಲನ್ನು, ಹೆಚ್ಚೆಂದರೆ ಎರಡನ್ನು. ಯಾವ ಬಿಲ್, ಏನು ತಪ್ಪು, ಯಾರಿಂದ ಎಂಬ ಮೂರೂ ಅಲ್ಲೇ ಇವೆ. ‘ಸರ್, ಫ್ರೀ ಇದ್ದೀರಾ?’, ‘ಸರ್, ಒಂದು ಸಣ್ಣ ಪ್ರಾಬ್ಲಂ ಆಗಿದೆ’ ಎಂದು ಶುರುಮಾಡಿ ಉತ್ತರಕ್ಕೆ ಕಾಯುವುದು ನಮ್ಮಲ್ಲಿ ವಿನಯವೆನಿಸಿದರೂ, ಓದುವವರಿಗೆ ಅದು ಆತಂಕವನ್ನಷ್ಟೇ ಮುಟ್ಟಿಸುತ್ತದೆ, ವಿಷಯವನ್ನು ಮುಟ್ಟಿಸುವುದಿಲ್ಲ. ಅವರು 6.30ಕ್ಕೆ ‘ಹೇಳಿ’ ಎಂದು ಬರೆಯುವ ಹೊತ್ತಿಗೆ ಡ್ರೈವರ್ ಬಾಡಿಗೆಗೆ ಬೇರೆ ಕಡೆ ಹೊರಟಿರುತ್ತಾನೆ.

ಎರಡನೇ ಭಾಗದಲ್ಲಿ ಸರಿಯಿರುವುದನ್ನೂ ಹೇಳಿರುವುದನ್ನು ಗಮನಿಸಬೇಕು. ‘ಇನ್‌ವಾಯ್ಸ್ ತಪ್ಪಾಗಿದೆ’ ಎಂದ ಕೂಡಲೇ ಮ್ಯಾನೇಜರ್ ಮನಸ್ಸಿಗೆ ಬರುವ ಮೊದಲ ಪ್ರಶ್ನೆ ‘ಎಷ್ಟು ದುಡ್ಡು?’ ಎಂಬುದು. ಮೊತ್ತ ಸರಿಯಿದೆ ಎಂಬ ಮಾತು ಆ ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸುತ್ತದೆ. ಇದು ತಪ್ಪನ್ನು ಕಿರಿದು ಮಾಡಿ ತೋರಿಸಲು ಹಾಕಿದ ಮಾತಲ್ಲ, ಪಿಡಿಎಫ್ ಹೋಗಿದೆ ಎಂಬ ಅಹಿತಕರ ವಿಷಯವೂ ಪಕ್ಕದಲ್ಲೇ ಇದೆ. ಅದನ್ನು ಬಿಟ್ಟು ಬರೆದಿದ್ದರೆ ಮ್ಯಾನೇಜರ್ ‘ಸರಿ, ರದ್ದುಮಾಡಿ’ ಎಂದಷ್ಟೇ ಹೇಳುತ್ತಿದ್ದರು, ಗ್ರಾಹಕರ ಜೊತೆ ಮಾತಾಡಬೇಕಾದ ಕೆಲಸ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಪರಿಹಾರ ಒಂದೇ ಇದೆ. ಮೂರು ದಾರಿಗಳನ್ನು ಬರೆದು ‘ಹೇಗೆ ಮಾಡಲಿ ಸರ್’ ಎಂದು ಕೇಳಿದರೆ, ತಪ್ಪು ಮಾಡಿದವರ ಕೆಲಸವನ್ನು ಮ್ಯಾನೇಜರ್ ಹೆಗಲಿಗೆ ಹಾಕಿದಂತಾಗುತ್ತದೆ. ‘ಸರಿ’ ಎಂಬ ಒಂದೇ ಪದದ ಉತ್ತರದಿಂದ ಕೆಲಸ ಮುಂದುವರಿಯುವಂತೆ ಬರೆದಿದ್ದರೆ ಸಂದೇಶ ಸರಿಯಾಗಿದೆ ಎಂದು ತಿಳಿಯಬಹುದು. ಕೊನೆಯ ಪ್ರಶ್ನೆಯನ್ನು ಬೇರೆ ಸಾಲಾಗಿ ಇಟ್ಟದ್ದಕ್ಕೂ ಇದೇ ಕಾರಣ: ಅದಕ್ಕೆ ಉತ್ತರ ತಡವಾದರೂ ರದ್ದತಿ ನಿಲ್ಲಬೇಕಾಗಿಲ್ಲ.

## ‘ತಪ್ಪಾಗಿದೆ’ ಮತ್ತು ‘ತಪ್ಪು ಮಾಡಿದ್ದೇನೆ’

ಕನ್ನಡದಲ್ಲಿ ಕರ್ತೃವೇ ಇಲ್ಲದೆ ತಪ್ಪನ್ನು ಹೇಳುವುದು ಬಲು ಸುಲಭ. ‘ಬಿಲ್ ತಪ್ಪಾಗಿ ಹೋಗಿಬಿಟ್ಟಿದೆ ಸರ್’ ಎಂದರೆ ವ್ಯಾಕರಣದ ಪ್ರಕಾರ ಬಿಲ್ಲೇ ತಾನಾಗಿ ಎದ್ದು ನಡೆದ ಹಾಗಿರುತ್ತದೆ. ಆಡುಮಾತಿನಲ್ಲಿ ಇದು ಸಹಜ, ಯಾರೂ ಮೋಸ ಮಾಡಬೇಕೆಂದು ಹಾಗೆ ಹೇಳುವುದಿಲ್ಲ. ಆದರೆ ಬರಹದಲ್ಲಿ ಓದಿದಾಗ ‘ಯಾರು ಮಾಡಿದ್ದು?’ ಎಂಬ ಪ್ರಶ್ನೆ ಏಳುತ್ತದೆ, ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಐದಾರು ನಿಮಿಷ ಹೋಗುತ್ತದೆ.

ಇನ್ನೊಂದು ತುದಿಯಲ್ಲಿ ‘ದೊಡ್ಡ ತಪ್ಪು ಮಾಡಿಬಿಟ್ಟೆ ಸರ್, ದಯವಿಟ್ಟು ಕ್ಷಮಿಸಿ, ನನಗೇ ಗೊತ್ತಾಗಲಿಲ್ಲ, ಬೆಳಿಗ್ಗೆಯಿಂದ ತಲೆನೋವು’ ಎಂಬ ಧಾಟಿಯಿದೆ. ಇದಕ್ಕೆ ಮ್ಯಾನೇಜರ್ ಮೊದಲು ಸಮಾಧಾನ ಹೇಳಬೇಕಾಗುತ್ತದೆ, ಆಮೇಲೆ ವಿಷಯ ಕೇಳಬೇಕಾಗುತ್ತದೆ. ನಡುವಿನ ದಾರಿ ಎಂದರೆ ‘ನಾನು’ ಅಥವಾ ‘ನನ್ನಿಂದ’ ಎಂಬ ಪದವನ್ನು ಒಂದೇ ಒಂದು ಸಲ, ಕ್ರಿಯಾಪದದ ಹತ್ತಿರ ಇಡುವುದು: ‘ನಾನು ತಪ್ಪಾಗಿ ಬೊಮ್ಮಸಂದ್ರದ ನಂಬರಿಗೆ ಮಾಡಿದ್ದೇನೆ’. ಜವಾಬ್ದಾರಿ ಹೊತ್ತುಕೊಂಡದ್ದು ಅಷ್ಟರಲ್ಲೇ ತಿಳಿಯುತ್ತದೆ. ಕ್ಷಮೆ ಕೇಳಬಾರದೆಂದಲ್ಲ, ಕೆಲಸ ಮುಗಿದ ಮೇಲೆ ಎದುರಿಗೆ ಸಿಕ್ಕಾಗ ‘ತಪ್ಪಾಯ್ತು ಸರ್’ ಎಂದರೆ ಬರಹಕ್ಕಿಂತ ಚೆನ್ನಾಗಿ ಮುಟ್ಟುತ್ತದೆ ಎಂಬುದು ನನ್ನ ಅನಿಸಿಕೆ.

ಎರಡು ಹೆಸರು ಒಂದೇ ಥರ ಇದ್ದದ್ದರಿಂದ ಹೀಗಾಯಿತು ಎಂಬುದು ನಿಜವಾದ ಕಾರಣವೇ ಆದರೂ ಮೊದಲ ಸಂದೇಶದಲ್ಲಿ ಅದಕ್ಕೆ ಜಾಗವಿಲ್ಲ. ಆ ಹೊತ್ತಿನಲ್ಲಿ ಅದು ಕಾರಣದಂತೆ ಕೇಳಿಸುವುದಿಲ್ಲ, ನೆಪದಂತೆ ಕೇಳಿಸುತ್ತದೆ. ಮರುದಿನ ಹೇಳಿದರೆ ಅದೇ ಮಾತು ಉಪಯುಕ್ತ ಸಲಹೆಯಾಗುತ್ತದೆ: ‘ಗ್ರಾಹಕರ ಪಟ್ಟಿಯಲ್ಲಿ ಹೆಸರಿನ ಮುಂದೆ 29 ಬೊಮ್ಮಸಂದ್ರ, 33 ಹೊಸೂರು ಎಂದು ಸೇರಿಸಿದ್ದೇನೆ, ಇಂಥ ಇನ್ನೂ ನಾಲ್ಕು ಗ್ರಾಹಕರಿದ್ದಾರೆ, ಅವರದ್ದನ್ನೂ ಬದಲಾಯಿಸಲೇ?’ ‘ಇನ್ನು ಮುಂದೆ ಹೀಗಾಗುವುದಿಲ್ಲ’ ಎಂಬ ಭರವಸೆಯನ್ನು ಯಾರೂ ಪರೀಕ್ಷಿಸಲಾರರು, ಪಟ್ಟಿಯಲ್ಲಿ ಬದಲಾದ ಹೆಸರನ್ನು ಯಾರು ಬೇಕಾದರೂ ತೆರೆದು ನೋಡಬಹುದು.

## ಮೂರು ದಿನ ಕಳೆದು ಗೊತ್ತಾದರೆ

ಇದೇ ತಪ್ಪು ಮೂರನೇ ದಿನ, ಸರಕು ಹೊಸೂರು ಸೇರಿದ ಮೇಲೆ ಕಂಡಿತು ಎಂದುಕೊಳ್ಳೋಣ. ಈಗ ಲಾರಿಯೂ ಇಲ್ಲ, 24 ಗಂಟೆಯೂ ಇಲ್ಲ. ರದ್ದುಮಾಡುತ್ತೇನೆ ಎಂದು ಬರೆದರೆ ಆಗದ ಮಾತನ್ನು ಬರೆದಂತೆ. ಸಾಮಾನ್ಯವಾಗಿ ಉಳಿಯುವ ದಾರಿ ಎಂದರೆ ಹಳೆಯ ಬಿಲ್ಲಿನ ಪೂರ್ತಿ ಮೊತ್ತಕ್ಕೆ ಕ್ರೆಡಿಟ್ ನೋಟ್ ಕೊಟ್ಟು, ಹೊಸೂರಿನ ನೋಂದಣಿಗೆ ಹೊಸ ಬಿಲ್ ಮಾಡುವುದು. ಕ್ರೆಡಿಟ್ ನೋಟಿಗೂ ಪ್ರತ್ಯೇಕ ಐಆರ್‌ಎನ್ ಬೇಕು. ಬೊಮ್ಮಸಂದ್ರದವರು ಆ ತೆರಿಗೆ ಜಮೆಯನ್ನು ಬಳಸಿಕೊಂಡಿದ್ದರೆ ಅದನ್ನು ಹಿಂತಿರುಗಿಸಬೇಕಾಗುವುದರಿಂದ ಗ್ರಾಹಕರ ಅಕೌಂಟ್ಸ್‌ನವರ ಸಹಕಾರವಿಲ್ಲದೆ ಇದು ಮುಗಿಯುವುದಿಲ್ಲ.

ಗಡುವೂ ಬದಲಾಗುತ್ತದೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರು ಮಾರಾಟದ ವಿವರದ ಜಿಎಸ್‌ಟಿಆರ್-1 ಅನ್ನು ಮುಂದಿನ ತಿಂಗಳ 11ರೊಳಗೆ ಸಲ್ಲಿಸಬೇಕು. ಅದಕ್ಕೆ ಮೊದಲು ಕ್ರೆಡಿಟ್ ನೋಟ್, ಹೊಸ ಬಿಲ್ ಎರಡೂ ಅದೇ ತಿಂಗಳ ತಾರೀಖಿನಲ್ಲಿ ಆಗಿಬಿಟ್ಟರೆ ಲೆಕ್ಕ ಒಂದೇ ತಿಂಗಳಿನಲ್ಲಿ ಸರಿಹೋಗುತ್ತದೆ. ಆದ್ದರಿಂದ ಈ ಸಂದೇಶದಲ್ಲಿ ‘6ರೊಳಗೆ ತಿಳಿಸಿ’ ಎಂಬ ಅವಸರ ಇರಬಾರದು. ‘ತಿಂಗಳು ಮುಗಿಯುವುದರೊಳಗೆ ಎರಡೂ ಆಗಬೇಕು, ಹೊಸೂರಿನವರ ಜೊತೆ ನಾಳೆ ಮಾತಾಡಲು ಅನುಮತಿ ಕೊಡಿ, ನಮ್ಮ ಆಡಿಟರಿಗೂ ಒಮ್ಮೆ ತೋರಿಸುತ್ತೇನೆ’ ಎಂದಿದ್ದರೆ ಸಾಕು. ತಪ್ಪು ಅದೇ ಆದರೂ ಸಂದೇಶ ಬೇರೆ, ಏಕೆಂದರೆ ಕೈಯಲ್ಲಿರುವ ಸಮಯ ಬೇರೆ.

## ಸಂದೇಶ ಸಾಲದ ಕಡೆ

ಯಾರಿಗಾದರೂ ಪೆಟ್ಟಾಗಿದ್ದರೆ, ಹಣ ತಪ್ಪು ಖಾತೆಗೆ ಹೋಗಿದ್ದರೆ, ಎಲ್ಲರ ಸಂಬಳದ ಪಟ್ಟಿ ಹೊರಗಿನವರ ಮೇಲ್‌ಗೆ ಹೋಗಿದ್ದರೆ ಮೊದಲು ಫೋನ್ ಮಾಡಬೇಕು, ಆಮೇಲೆ ಅದೇ ವಿಷಯವನ್ನು ದಾಖಲೆಗಾಗಿ ಬರೆಯಬೇಕು. ಜಿಮೇಲ್‌ನಲ್ಲಿ ಕಳಿಸಿದ ಮೇಲನ್ನು ಹಿಂಪಡೆಯಲು ಇರುವ ಅವಧಿ ಗರಿಷ್ಠ 30 ಸೆಕೆಂಡು, ಅಷ್ಟರಲ್ಲಿ ಸಂದೇಶ ಬರೆದು ಮುಗಿಸಲು ಯಾರಿಂದಲೂ ಆಗದು.

ಇನ್ನೊಂದು ಮಿತಿಯೂ ಇದೆ. ಕಾರಣ ಕೇಳಿ ನೋಟಿಸ್ ಬಂದಾಗಿದ್ದರೆ ಅಥವಾ ವಿಚಾರಣೆ ನಡೆಯುತ್ತಿದ್ದರೆ ಪರಿಸ್ಥಿತಿ ಬೇರೆ. ಆಗ ಬೇಕಾಗುವುದು ನಿಜವಾಗಿಯೂ ಸಮಜಾಯಿಷಿ, ಅದನ್ನು ತಿಳಿದವರ ಸಲಹೆ ಪಡೆದು ನಿಧಾನವಾಗಿ ಬರೆಯಬೇಕು, ವಾಟ್ಸಾಪಿನಲ್ಲಿ ಅಲ್ಲ.

## ಮುಗಿದ ಮೇಲಿನ ಎರಡು ಸಾಲು

5.25ಕ್ಕೆ ಮ್ಯಾನೇಜರಿಂದ ‘ಸರಿ, ಮಾಡಿ. ಅವರಿಗೆ ನಾನು ಹೇಳುತ್ತೇನೆ’ ಎಂಬ ಉತ್ತರ ಬಂತು ಎಂದುಕೊಳ್ಳೋಣ. ಸಹಾಯಕಿ ಮೊದಲು ಇ-ವೇ ಬಿಲ್ ರದ್ದುಮಾಡಿದರು, ನಂತರ ಐಆರ್‌ಎನ್. ಪೋರ್ಟಲ್ ಕಾರಣ ಕೇಳಿದಾಗ ಕೊಟ್ಟಿರುವ ಆಯ್ಕೆಗಳಲ್ಲಿ ‘ಡೇಟಾ ಎಂಟ್ರಿ ಮಿಸ್ಟೇಕ್’ ಎಂಬುದೂ ಒಂದು, ಅದನ್ನೇ ಆರಿಸಿದರು. ಹೊಸ ಬಿಲ್ಲಿನಲ್ಲಿ ಸಂಖ್ಯೆ 33ರಿಂದ ಆರಂಭವಾಗುತ್ತದೆಯೇ, ತೆರಿಗೆ ಐಜಿಎಸ್‌ಟಿಯಲ್ಲಿ ಒಂದೇ ಸಾಲಾಗಿ ಬಿದ್ದಿದೆಯೇ ಎಂದು ಆರ್ಡರ್ ಪ್ರತಿಯನ್ನು ಪಕ್ಕಕ್ಕಿಟ್ಟುಕೊಂಡು ನೋಡಿದರು.

ಕೆಲಸ ಆಗುವ ಮೊದಲೇ ‘ಆಯಿತು ಸರ್’ ಎಂದು ಬರೆದುಬಿಡುವ ಆತುರ ಇಂಥ ಹೊತ್ತಿನಲ್ಲಿ ಬಹಳ. ಪೋರ್ಟಲ್ ನಿಧಾನವಾದರೆ ಆ ಎರಡು ಪದ ಎರಡನೇ ತಪ್ಪಾಗುತ್ತದೆ. ಅದಕ್ಕಾಗಿ ಅವರು ಕಾದು, 6.10ಕ್ಕೆ ಬರೆದರು:

> ಸರ್, 412 ರದ್ದಾಗಿದೆ, ಅದರ ಇ-ವೇ ಬಿಲ್ ಕೂಡ. ಹೊಸೂರಿನ ಹೊಸ ಇನ್‌ವಾಯ್ಸ್ 415, ಐಜಿಎಸ್‌ಟಿ 75,600. ಪಿಡಿಎಫ್ ಇದರ ಜೊತೆಗಿದೆ, ಅವರಿಗೆ ಇನ್ನೂ ಕಳಿಸಿಲ್ಲ, ನೀವು ಮಾತಾಡಿದ ಮೇಲೆ ಕಳಿಸುತ್ತೇನೆ. ಲಾರಿ 7ಕ್ಕೆ ಬಿಡಲು ಹೇಳಿದ್ದೇನೆ.